"ಯಾರಿಗೋಸ್ಕರ ಇದೆಲ್ಲಾ?" ಅಂತ ಕೇಳೋಕೆ ಮುಂಚೆ

ಹೋದ ವರ್ಷ ಮಳೆಗಾಲದಲ್ಲಿ ನನ್ನ ಹತ್ರ ಕೌನ್ಸೆಲಿಂಗಿಗೆ ಒಬ್ಬರು ಬಂದಿದ್ರು, ಬೆಂಗಳೂರಿನ ವಿಜಯನಗರದ ಕಡೆಯವರು, ಮದುವೆಯಾಗಿ 16 ವರ್ಷ. ಕೂತ ತಕ್ಷಣ ಬ್ಯಾಗಿಂದ ಒಂದು ಸಣ್ಣ ಡೈರಿ ತೆಗೆದು ಟೇಬಲ್ ಮೇಲಿಟ್ರು. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ತಾರೀಕು ಬರೆಯೋ ಡೈರಿ ಅದು. ಹಿಂದಿನ ಪುಟದಿಂದ ತಿರುವಿದ್ರೆ 19 ದಿನದ ಇನ್ನೊಂದು ಲೆಕ್ಕ ಇತ್ತು, ಗಂಡನ ಲೆಕ್ಕ. 3ನೇ ತಾರೀಕು, ಎರಡು ಲಿನನ್ ಶರ್ಟು ತಂದಿದಾರೆ, ನಂಗೆ ಹೇಳ್ಲಿಲ್ಲ. 5, ಬೆಳಗ್ಗೆ 5:45ಕ್ಕೆ ಜಿಮ್ಮು. 8, ಸಲೂನಲ್ಲಿ ಗಡ್ಡ ಸೆಟ್ ಮಾಡಿಸ್ಕೊಂಡಿದಾರೆ, 450 ರೂಪಾಯಿ. 11, ರಾತ್ರಿ ಅನ್ನ ಬೇಡ ಅಂದ್ರು. 12, ಹೊಸ ಸೆಂಟು. 15, ಬಾತ್‌ರೂಮಿಗೂ ಫೋನ್ ತಗೊಂಡ್ ಹೋದ್ರು.

ಇವರ ಕತೆ ಹೇಳೋಕೆ ಇವರಿಬ್ಬರ ಒಪ್ಪಿಗೆ ತಗೊಂಡಿದೀನಿ, ಗುರುತು ಸಿಗೋ ವಿವರ ಒಂದೆರಡು ಬದಲಾಯಿಸಿದೀನಿ. ಡೈರಿ ಮಾತ್ರ ಹೇಗಿತ್ತೋ ಹಾಗೇ ಹೇಳ್ತಾ ಇದೀನಿ, ಯಾಕಂದ್ರೆ ಇವತ್ತು ನಾನು ಹೇಳ್ಬೇಕು ಅನ್ಕೊಂಡಿರೋದು ಪೂರ್ತಿ ಆ ಡೈರಿ ಒಳಗೇ ಇದೆ.

ಒಂದ್ಸಲ ಆ ಪಟ್ಟಿ ಮತ್ತೆ ನೋಡಿ. ಅದ್ರಲ್ಲಿ ಸುಳ್ಳು ಒಂದೂ ಇಲ್ಲ, ಆಕೆ ಕಂಡಿದ್ದನ್ನೇ ಬರೆದಿದ್ರು. ಆದ್ರೆ ಅದೇ 19 ದಿನದಲ್ಲಿ ಆತ ಎರಡು ಭಾನುವಾರ ಮಗಳನ್ನ ಈಜು ಕ್ಲಾಸಿಗೆ ಕರ್ಕೊಂಡ್ ಹೋಗಿದ್ರು, ಅತ್ತೆಗೆ ಕಣ್ಣಿನ ಡಾಕ್ಟರ್ ಅಪಾಯಿಂಟ್‌ಮೆಂಟ್ ಹಾಕ್ಸಿದ್ರು, ಸಂಬಳ ಬಂದ ದಿನ ಎಂದಿನ ಹಾಗೇ ಮನೆ ಖರ್ಚಿನ ಅಕೌಂಟಿಗೆ ದುಡ್ಡು ಹಾಕಿದ್ರು. ಅದ್ಯಾವುದೂ ಡೈರಿಯಲ್ಲಿ ಇರಲಿಲ್ಲ. ನಾನು ಕೇಳಿದ್ಮೇಲೆ ಒಂದೊಂದೇ ಹೇಳಿದ್ರು, "ಅದು ಯಾವಾಗ್ಲೂ ಮಾಡ್ತಾರಲ್ಲ ಮೇಡಂ" ಅಂದ್ರು. ಅನುಮಾನ ಕೆಲಸ ಮಾಡೋದೇ ಹೀಗೆ. ಹೊಸದಾಗಿ ಕಾಣಿಸಿದ್ದನ್ನ ಮಾತ್ರ ಎತ್ತಿಡುತ್ತೆ, ಇದ್ದದ್ದು ಇದ್ದ ಹಾಗೇ ಇರೋದನ್ನ ಲೆಕ್ಕಕ್ಕೇ ತಗೊಳಲ್ಲ. 19 ದಿನ ಹೊಸದನ್ನಷ್ಟೇ ಬರೆದ್ರೆ ಯಾರ ಗಂಡನೂ, ಯಾರ ಹೆಂಡ್ತಿನೂ ಅಪರಿಚಿತರ ಹಾಗೇ ಕಾಣ್ತಾರೆ.

ಹಾಗಂತ ಆಕೆಗೆ ಆಗಿದ್ದ ಭಯ ಸುಳ್ಳು ಅಂತ ನಾನು ಹೇಳ್ತಿಲ್ಲ, ಯಾರೂ ಹೇಳಬಾರದು ಕೂಡ. 16 ವರ್ಷ ಒಂದೇ ತರ ಇದ್ದ ಮನುಷ್ಯ ಒಂದು ತಿಂಗಳಲ್ಲಿ ಬದಲಾದ್ರೆ, ಪಕ್ಕದಲ್ಲಿ ಮಲಗೋ ಜೀವಕ್ಕೆ ಗೊತ್ತಾಗೇ ಆಗುತ್ತೆ. "ಏನೋ ಆಗಿದೆ" ಅನ್ನೋ ಮೊದಲನೇ ಅನ್ನಿಸಿಕೆ ಬಹಳ ಸಲ ನಿಜಾನೇ. ತಪ್ಪಾಗೋದು ಎರಡನೇ ಹೆಜ್ಜೇಲಿ, "ಏನೋ ಆಗಿದೆ" ಅನ್ನೋದು "ಇನ್ಯಾರೋ ಇದಾರೆ" ಅಂತ ಆಗಿಬಿಡುತ್ತಲ್ಲ, ಅಲ್ಲಿ. ನಡುವೆ ಎಷ್ಟೊಂದು ಬೇರೆ ಕಾರಣ ಇರಬಹುದು. ಆಫೀಸಿನ ಹೆಲ್ತ್ ಚೆಕಪ್ಪಲ್ಲಿ ಏನೋ ಬಂದಿರುತ್ತೆ. ಕೆಲಸ ಹೋಗುತ್ತೇನೋ ಅನ್ನೋ ಭಯಕ್ಕೆ ಗುಟ್ಟಾಗಿ ಇಂಟರ್‌ವ್ಯೂಗೆ ಓಡಾಡ್ತಿರ್ತಾರೆ, ಈ ಊರಲ್ಲಂತೂ ಅದು ತುಂಬಾ. ಓರಗೆಯವರು ಯಾರೋ ತೀರಿಹೋಗಿರ್ತಾರೆ. ಎಷ್ಟೋ ತಿಂಗಳು ಡಿಪ್ರೆಶನ್ನಲ್ಲಿ ತಲೆ ಬಾಚ್ಕೊಳ್ಳೋಕೂ ಮನಸ್ಸಿಲ್ಲದೆ ಇದ್ದವರು ಮತ್ತೆ ಕನ್ನಡಿ ಮುಂದೆ ನಿಂತ್ಕೊಳ್ತಿದಾರೆ ಅಂದ್ರೆ ಅದು ಚೇತರಿಸ್ಕೊಳ್ತಿರೋ ಲಕ್ಷಣ, ಅದನ್ನ ನೋಡಿ ಮನೆಯವರು ಅನುಮಾನ ಪಟ್ರೆ ಆ ಜೀವ ಮತ್ತೆ ಮುದುಡಿಕೊಳ್ಳುತ್ತೆ, ನಾನು ಕಣ್ಣಾರೆ ಕಂಡಿದೀನಿ.

ಇದೇ ಮಾತಲ್ಲಿ ಒಂದು ವಿಷಯ ಹೇಳಿ ಮುಂದೆ ಹೋಗ್ತೀನಿ, ಯಾಕಂದ್ರೆ ಇದನ್ನ ಮನೆಯವರು ಬಹಳ ಸಲ ಅಫೇರ್ ಅನ್ಕೊಂಡು ತಡ ಮಾಡ್ಬಿಡ್ತಾರೆ. ಬಟ್ಟೆ, ಜಿಮ್ಮು, ಅಲಂಕಾರ ಇವುಗಳ ಜೊತೆಗೆ ನಿದ್ದೆ ಕಮ್ಮಿ ಆಗಿದ್ಯಾ ನೋಡಿ. ನಿದ್ದೆ ಬರ್ತಿಲ್ಲ ಅಂತ ಒದ್ದಾಡೋದಲ್ಲ, ರಾತ್ರಿ ಬರೀ ಮೂರು ಗಂಟೆ ಹೊತ್ತು ಮಲಗಿ ಬೆಳಗ್ಗೆ ಚಿಗರೆ ತರ ಎದ್ದು ಓಡಾಡೋದು, ಸುಸ್ತೇ ಇಲ್ಲ, ಮಾತು ನಿಲ್ತಿಲ್ಲ, ಒಂದೇ ವಾರದಲ್ಲಿ ಕಾರ್ಡಲ್ಲಿ ಲಕ್ಷಾಂತರ ಖರ್ಚು, ದೊಡ್ಡ ದೊಡ್ಡ ಪ್ಲಾನು. ಹೀಗೆ ನಾಲ್ಕು ದಿನ, ಒಂದು ವಾರ ಬಿಡದೆ ನಡೀತಿದ್ರೆ ಅದು ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತ ಇರಬಹುದು. ಅಲ್ಲಿ "ಯಾಕೆ ಹೀಗಾಡ್ತಿದೀರ" ಅಂತ ಕೇಳೋ ಮಾತುಕತೆಯಿಂದ ಕೆಲಸ ಆಗಲ್ಲ, ಸೈಕಿಯಾಟ್ರಿಸ್ಟ್ ಹತ್ರ ಕರ್ಕೊಂಡ್ ಹೋಗ್ಬೇಕು. ನಮ್ಮೂರಲ್ಲೇ ನಿಮ್ಹಾನ್ಸ್ ಇದೆ. ಎಲ್ಲಿಂದ ಶುರು ಮಾಡೋದು ಅಂತ ತೋಚದೇ ಇದ್ರೆ 14416 ಟೆಲಿ ಮನಸ್ ನಂಬರಿಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಸರಿ, ವಿಜಯನಗರಕ್ಕೆ ವಾಪಸ್ ಬರೋಣ. ಆಕೆ ನನ್ನ ಹತ್ರ ಬರೋ ಮುಂಚೆನೇ ಒಂದ್ಸಲ ಕೇಳಿಬಿಟ್ಟಿದ್ರು. ರಾತ್ರಿ ಊಟದ ಹೊತ್ತು, ಅತ್ತೆ ಇದಾರೆ, ಮಗಳಿದಾಳೆ, ಆತ ಮುದ್ದೆ ಬೇಡ, ಅನ್ನನೂ ಬೇಡ, ಬರೀ ಹೆಸರುಕಾಳು ಪಲ್ಯ ಸಾಕು ಅಂದಿದಾರೆ. ಇವರ ಬಾಯಿಂದ ಬಂದೇಬಿಡ್ತು, "ಯಾರಿಗೋಸ್ಕರ ರೀ ಇದೆಲ್ಲಾ?" ಆತ ಸೌಟು ಹಾಗೇ ಪಾತ್ರೆಗೆ ಹಾಕಿ ಎದ್ದು ಹೋದ್ರಂತೆ. ಆಮೇಲೆ ನಾಲ್ಕು ದಿನ ಮನೇಲಿ ಬೇಕಾದಷ್ಟೇ ಮಾತು. ಇವರಿಗೆ ಅದೇ ಇನ್ನೊಂದು ಸಾಕ್ಷಿ ಆಯ್ತು, "ತಪ್ಪಿಲ್ಲದೆ ಇದ್ರೆ ಯಾಕೆ ಎದ್ದು ಹೋಗ್ಬೇಕಿತ್ತು" ಅಂತ ಡೈರಿಗೆ ಅದೂ ಸೇರ್ಕೊಳ್ತು.

ಆ ಒಂದು ವಾಕ್ಯನ ಬಿಡಿಸಿ ನೋಡೋಣ, ಯಾಕಂದ್ರೆ ಇಲ್ಲಿ ಕೂತಿರೋರಲ್ಲಿ ಎಷ್ಟೋ ಜನ ಅದೇ ವಾಕ್ಯ ಹೇಳಿರ್ತೀರ ಇಲ್ಲಾ ಕೇಳಿಸ್ಕೊಂಡಿರ್ತೀರ. "ಯಾರಿಗೋಸ್ಕರ" ಅಂದಾಗಲೇ ಒಬ್ಬರು ಇದಾರೆ ಅಂತ ತೀರ್ಮಾನ ಆಗೋಯ್ತು, ಹೆಸರು ಹೇಳೋದಷ್ಟೇ ಬಾಕಿ. ಅದಕ್ಕೆ "ಯಾರಿಗೂ ಇಲ್ಲ" ಅಂದ್ರೂ ಕಳ್ಳನ ಉತ್ತರದ ತರಾನೇ ಕೇಳ್ಸುತ್ತೆ. ಎರಡನೇದು, ಅಮ್ಮನ ಮುಂದೆ, ಮಗಳ ಮುಂದೆ. ಅಲ್ಲಿ ಮನುಷ್ಯ ಉತ್ತರ ಕೊಡಲ್ಲ, ಮರ್ಯಾದೆ ಉಳಿಸ್ಕೊಳ್ತಾನೆ. ಮೂರನೇದು ಬಹಳ ಮುಖ್ಯ, ಆ ಪ್ರಶ್ನೇಲಿ ಆಕೆ ಎಲ್ಲೂ ಇಲ್ಲ. ಆಕೆಗೆ ಭಯ ಆಗಿತ್ತು, ಹತ್ತು ರಾತ್ರಿ ನಿದ್ದೆ ಮಾಡಿರಲಿಲ್ಲ, ಕನ್ನಡಿ ಮುಂದೆ ನಿಂತು ತನ್ನ ಹೊಟ್ಟೆ ತಾನೇ ನೋಡ್ಕೊಂಡು ಅತ್ತಿದ್ರು, ಅದ್ಯಾವುದೂ ಆತನಿಗೆ ಕೇಳಿಸಲೇ ಇಲ್ಲ.

ಜಾನ್ ಗಾಟ್‌ಮನ್ ಅಂತ ಅಮೆರಿಕದ ಸಂಶೋಧಕರು, ದಂಪತಿಗಳ ಜಗಳಾನೇ ಜೀವನಪೂರ್ತಿ ಅಧ್ಯಯನ ಮಾಡಿದವರು. ಅವರೂ ಅವರ ಸಹ ಸಂಶೋಧಕಿ ಸಿಬಿಲ್ ಕ್ಯಾರೆರ್ ಅವರೂ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಹೊಸದಾಗಿ ಮದುವೆಯಾದ 124 ಜೋಡಿಗಳನ್ನ ಕೂರಿಸಿ, ಅವರವರ ತಕರಾರಿನ ಬಗ್ಗೆ ಮಾತಾಡಿ ಅಂತ ಬಿಟ್ಟು, ಅದನ್ನ ರೆಕಾರ್ಡ್ ಮಾಡಿದ್ರು. ಮೊದಲ ಮೂರು ನಿಮಿಷ ಹೇಗಿತ್ತು ಅನ್ನೋದಕ್ಕೂ ಮುಂದೆ ಆ ಮದುವೆ ಉಳೀತಾ ಮುರೀತಾ ಅನ್ನೋದಕ್ಕೂ ಸಂಬಂಧ ಕಂಡುಬಂತು. ಅವರು ಕೊಡೋ ಸಲಹೆನೂ ಅದೇ, ಮಾತು ಮೆತ್ತಗೆ ಶುರುವಾಗ್ಲಿ. ಅಮೆರಿಕದ ಲ್ಯಾಬಿನ ಮಾತು ನಮ್ಮ ಅಡುಗೆಮನೆಗೆ ಹಾಗ್ಹಾಗೇ ಹೊಂದಲ್ಲ, ನಮ್ಮಲ್ಲಿ ಅತ್ತೆ ಇರ್ತಾರೆ, ಗೋಡೆ ತೆಳ್ಳಗಿರುತ್ತೆ, ಇಬ್ಬರೇ ಕೂತು ಮಾತಾಡೋಕೆ ಒಂದು ರೂಮೇ ಇರಲ್ಲ ಎಷ್ಟೋ ಮನೆಗಳಲ್ಲಿ. ಆದ್ರೆ ಶುರು ಹೆಂಗಿರುತ್ತೋ ಕೊನೆ ಹಂಗೇ ಇರುತ್ತೆ ಅನ್ನೋದು ನನ್ನ ರೂಮಲ್ಲೂ ದಿನಾ ಕಾಣ್ತೀನಿ.

ನಾನೂ ಆಕೆ ಸೇರಿ ಎರಡನೇ ಸಲ ಹೇಗೆ ಕೇಳೋದು ಅಂತ ಕೂತು ಯೋಚನೆ ಮಾಡಿದ್ವಿ. ಮೊದಲು ಜಾಗ. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳಿದ್ರೆ ಬಹಳ ಜನಕ್ಕೆ, ಅದ್ರಲ್ಲೂ ಗಂಡಸರಿಗೆ, ವಿಚಾರಣೆ ತರ ಅನ್ಸುತ್ತೆ. ಪಕ್ಕಪಕ್ಕ ನಡೀತಾ, ಇಲ್ಲಾ ಕಾರಲ್ಲಿ ಹೋಗ್ತಾ ಆದ್ರೆ ಕಣ್ಣು ರಸ್ತೆ ಮೇಲಿರುತ್ತೆ, ಬಾಯಿ ಸಲೀಸಾಗುತ್ತೆ. ಮಲಗೋ ಹೊತ್ತಲ್ಲಿ ಬೇಡ, ಆತ ಜಿಮ್ಮಿಂದ ಬಂದ ಕೂಡಲೇ ಬೇಡ, ಹಸಿದಿದ್ದಾಗ ಬೇಡ್ವೇ ಬೇಡ. ಆಕೆ ಭಾನುವಾರ ಬೆಳಗ್ಗೆ ಆರಿಸ್ಕೊಂಡ್ರು, ಮಗಳನ್ನ ಈಜಿಗೆ ಬಿಟ್ಟು ಬರೋದಕ್ಕೂ ಮತ್ತೆ ಕರೆಯೋದಕ್ಕೂ ನಡುವೆ ಒಂದು ಗಂಟೆ ಸಿಗುತ್ತೆ, ಪಾರ್ಕಲ್ಲಿ ಎರಡು ಸುತ್ತು ಹಾಕೋಕೆ ಸಾಕು.

ಆಮೇಲೆ ಮಾತು. ಕಂಡಿದ್ದನ್ನ ಕಂಡ ಹಾಗೆ, ನಿಮಗೆ ಆಗ್ತಿರೋದನ್ನ ಆಗ್ತಿರೋ ಹಾಗೆ ಹೇಳಿ, ಕೊನೆಗೆ ಆ ಕಡೆಯವರು ಯಾವ ಉತ್ತರ ಬೇಕಾದ್ರೂ ಕೊಡೋಕೆ ಆಗೋಂತ ಒಂದು ಪ್ರಶ್ನೆ. ಅಷ್ಟೇ. ಆಕೆ ಹೇಳಿದ್ದು ಇದು, ಬರ್ಕೊಂಡು ಬಂದು ನನಗೆ ಓದಿ ತೋರಿಸಿದ್ರು: "ರೀ, ಆ ನೀಲಿ ಶರ್ಟು ನಿಮಗೆ ಚೆನ್ನಾಗಿ ಕಾಣುತ್ತೆ. ಒಂದು ತಿಂಗಳಿಂದ ಜಿಮ್ಮು, ಊಟ, ಎಲ್ಲಾ ಬದಲಾಯ್ಸಿದೀರ. ನಂಗೆ ಅದ್ರ ಬಗ್ಗೆ ಏನೂ ಗೊತ್ತಿಲ್ಲದೆ ಇರೋದು ಭಯ ಆಗ್ತಿದೆ, ನಾನು ಹೊರಗಡೆ ನಿಂತ ಹಾಗಾಗಿದೆ. ಅವತ್ತು ಅತ್ತೆ ಮುಂದೆ ಹಾಗೆ ಕೇಳಿದ್ದು ತಪ್ಪಾಯ್ತು. ಏನಾಗ್ತಿದೆ ಅಂತ ಹೇಳ್ತೀರಾ?"

"ಅವರ ಮುಂದೆ ಸೋತ ಹಾಗಾಗಲ್ವಾ ಮೇಡಂ" ಅಂತ ಆಕೆ ಕೇಳಿದ್ರು. ಆಗಲ್ಲ. ಭಯ ಆಗಿದೆ ಅಂತ ಗಂಡನಿಗೋ ಹೆಂಡ್ತಿಗೋ ಹೇಳ್ಕೊಳ್ಳೋಕೆ ಆಗ್ದೇ ಇದ್ರೆ ಇನ್ಯಾರಿಗೆ ಹೇಳ್ತೀವಿ.

ಈಗ ಕೇಳಿ, ಆತ ಏನಂದ್ರು ಗೊತ್ತಾ? "ಏನಿಲ್ಲ ಕಣೇ, ಸುಮ್ನೆ." ಮೊದಲ ಉತ್ತರ ನೂರಕ್ಕೆ ತೊಂಬತ್ತು ಪಾಲು ಇದೇ ಬರುತ್ತೆ, ಇದಕ್ಕೆ ತಯಾರಾಗಿ ಹೋಗಿ. ಇಲ್ಲೇ ಎಲ್ಲರೂ ಎಡವೋದು, "ಸುಮ್ನೆ ಅಂದ್ರೆ?" ಅಂತ ಮೇಲೆ ಬೀಳ್ತೀವಿ. ಆಕೆ ಬೀಳ್ಲಿಲ್ಲ, "ಸರಿ, ಹೇಳ್ಬೇಕು ಅನ್ಸಿದಾಗ ಹೇಳಿ, ನಾನಂತೂ ಕೇಳ್ತೀನಿ" ಅಂದು ಜೊತೆಗೆ ನಡೀತಾ ಇದ್ರು. ಎರಡನೇ ಸುತ್ತಲ್ಲಿ, ಅರ್ಧ ದಾರೀಲಿ ಆತ ನಿಂತ್ರು. "ಶುಗರ್ ಬಂದಿದೆ ಕಣೇ, ಬಾರ್ಡರ್ ಅಂತೆ" ಅಂದ್ರು.

ಆಫೀಸಿನ ಚೆಕಪ್ಪಲ್ಲಿ ಎಚ್‌ಬಿಎ1ಸಿ 6.2 ಬಂದಿತ್ತು. ಹಿಂದಿನ ಎರಡ್ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಟೆಸ್ಟ್ ಅದು, 5.7ರಿಂದ 6.4ರವರೆಗೆ ಇದ್ರೆ ಡಯಾಬಿಟಿಸ್ ಬರೋಕೆ ಮುಂಚಿನ ಹಂತ ಅಂತಾರೆ, 6.5 ಇಲ್ಲಾ ಅದಕ್ಕಿಂತ ಜಾಸ್ತಿ ಇದ್ರೆ ಡಯಾಬಿಟಿಸ್. ಅಂದ್ರೆ ಆತ ಇದ್ದಿದ್ದು ಊಟ, ವ್ಯಾಯಾಮದಿಂದ ಹಿಂದಕ್ಕೆ ತರಬಹುದಾದ ಜಾಗದಲ್ಲೇ. ಮತ್ಯಾಕೆ ಮುಚ್ಚಿಟ್ರು? ಇಲ್ಲೇ ನನಗೆ ಗಂಟಲು ಕಟ್ಟಿದ್ದು. ಆಕೆಯ ಅಪ್ಪ ಶುಗರ್‌ನಿಂದಾನೇ ಕಿಡ್ನಿ ಕಳ್ಕೊಂಡು, ವಾರಕ್ಕೆ ಮೂರು ಸಲ ಡಯಾಲಿಸಿಸ್, ಎರಡು ವರ್ಷ ಈಕೆನೇ ಕರ್ಕೊಂಡು ಓಡಾಡಿದ್ರು. ಅವರು ತೀರ್ಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಶುಗರ್ ಅನ್ನೋ ಪದಾನೇ ಈ ಮನೇಲಿ ಮತ್ತೆ ಕೇಳಿಸಬಾರದು, ನಂಬರ್ ಕೆಳಗಿಳಿದ ಮೇಲೆ ಹೇಳಿದ್ರಾಯ್ತು ಅಂತ ಆತ ತೀರ್ಮಾನ ಮಾಡಿದ್ರು. ರಿಪೋರ್ಟು ಕಾರಿನ ಡ್ಯಾಶ್‌ಬೋರ್ಡ್ ಒಳಗೆ ಆರ್‌ಸಿ ಕವರಲ್ಲಿ ನಾಲ್ಕು ಮಡಿಕೆ ಮಾಡಿಟ್ಟಿದ್ರು. ಬಾತ್‌ರೂಮಲ್ಲಿ ಫೋನು ನೋಡ್ತಿದ್ದಿದ್ದು ಶುಗರ್ ಇಳಿಸೋ ವಿಡಿಯೋ. ಶರ್ಟು, ಗಡ್ಡ? ಅದನ್ನೂ ಆತನೇ ಹೇಳಿದ್ರು, "ಕಾಯಿಲೆಯವನ ತರ ಕಾಣಬಾರದು ಅನ್ನಿಸ್ತು, ಅಷ್ಟೇ." ಮೈ ಹುಷಾರಿಲ್ಲ ಅಂತ ಗೊತ್ತಾದ ಮನುಷ್ಯ ಹೊಸ ಬಟ್ಟೆ ತಗೊಳ್ಳೋದನ್ನ ನಾನು ಆಮೇಲೆ ಎಷ್ಟೋ ಜನರಲ್ಲಿ ಗಮನಿಸಿದೀನಿ.

ಇಲ್ಲಿ ಒಬ್ಬರು ತಲೆ ಅಲ್ಲಾಡಿಸ್ತಿದೀರ, "ಎಲ್ಲರ ಕತೆನೂ ಹೀಗೇ ಮುಗಿಯಲ್ಲ" ಅಂತ. ನಿಜ, ಮುಗಿಯಲ್ಲ. ಹೊಸ ಬಟ್ಟೆ, ಜಿಮ್ಮಿನ ಹಿಂದೆ ನಿಜವಾಗ್ಲೂ ಇನ್ನೊಬ್ಬರು ಇದ್ದಿದ್ದನ್ನೂ ನೋಡಿದೀನಿ. ಆದ್ರೆ ಆಗ ವಿಷಯ ಬಿಟ್ಟುಕೊಟ್ಟಿದ್ದು ಬಟ್ಟೆ ಅಲ್ಲ. ಅದ್ರ ಜೊತೆಗೆ ಬೇರೆ ಏನೇನು ಅಲ್ಲಾಡಿದೆ ಅನ್ನೋದನ್ನ ನೋಡ್ಬೇಕು. ಹೊತ್ತಿಗೆ ಲೆಕ್ಕ ಸಿಗ್ತಿದ್ಯಾ? ಜಿಮ್ಮು ಒಂದೂವರೆ ಗಂಟೆ ಅಂದ್ರೆ ಒಂದೂವರೆ ಗಂಟೆಗೆ ಬರ್ತಾರಾ, ಇಲ್ಲಾ ಮೂರು ಗಂಟೆ ಆಗಿ, ಕೇಳಿದ್ರೆ ಪ್ರತೀ ಸಲ ಬೇರೆ ಬೇರೆ ಕತೆನಾ? ದುಡ್ಡಿಗೆ ಲೆಕ್ಕ ಸಿಗ್ತಿದ್ಯಾ? ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮ ಮೇಲಿನ ಧೋರಣೆ ಹೇಗಿದೆ? ಆರೋಗ್ಯಕ್ಕೋಸ್ಕರ ಬದಲಾಗ್ತಿರೋರು ಮುಚ್ಚಿಟ್ರೂ ನಿಮ್ಮ ಜೊತೆ ಮೊದಲಿನ ಹಾಗೇ ಇರ್ತಾರೆ, ಸ್ವಲ್ಪ ದಿನಕ್ಕೆ "ನೀನೂ ಬಾರೇ" ಅಂತ ಎಳೀತಾರೆ. ಮನಸ್ಸು ಬೇರೆ ಕಡೆ ಹೋಗಿದ್ರೆ ಬಹಳ ಸಲ ನಿಮ್ಮಲ್ಲಿ ಸಣ್ಣಸಣ್ಣದಕ್ಕೂ ತಪ್ಪು ಹುಡುಕೋದು ಶುರುವಾಗುತ್ತೆ, ಅಡುಗೆ ಸರಿ ಇಲ್ಲ, ಡ್ರೆಸ್ ಸರಿ ಇಲ್ಲ, ಮಾತಾಡೋ ರೀತಿ ಸರಿ ಇಲ್ಲ, ತಮ್ಮ ತಪ್ಪಿಗೆ ನಿಮ್ಮಲ್ಲಿ ಕಾರಣ ಕೂಡಿಡ್ತಿರ್ತಾರೆ. ಇದೂ ಸಾಕ್ಷಿ ಅಲ್ಲ, ಆದ್ರೆ ಹೊಸ ಶರ್ಟಿಗಿಂತ ಇದಕ್ಕೆ ತೂಕ ಜಾಸ್ತಿ.

ಜೆಪಿ ನಗರದ ಒಬ್ಬ ಗಂಡ, ಹೆಂಡ್ತಿ ಬದಲಾಗಿದ್ದನ್ನ ನೋಡಿ ಬಂದಿದ್ರು. ಹೆಂಗಸರ ವಿಷಯಕ್ಕೆ ಬಂದ್ರೆ ನಮ್ಮ ಸಮಾಜ ಇನ್ನೂ ಬೇಗ ತೀರ್ಪು ಕೊಡುತ್ತೆ, ಮಗು ಶಾಲೆಗೆ ಹೋಗೋ ಹಾಗಾಗಿ, ಹತ್ತು ವರ್ಷ ಆದ್ಮೇಲೆ ತನಗೆ ಅಂತ ಒಂದು ಗಂಟೆ ಸಿಕ್ಕಿ ಜಿಮ್ಮಿಗೆ ಸೇರಿದ್ರೂ "ಯಾರಿಗೆ ತೋರಿಸೋಕೆ" ಅಂತಾರೆ, ಅದು ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತೆ. ಆದ್ರೆ ಈ ಮನುಷ್ಯ ಹಾಗೆ ಕೇಳಿರಲಿಲ್ಲ. ಮೆತ್ತಗೇ ಕೇಳಿದ್ರು, ಕಾದ್ರು, ಎರಡು ವಾರ ಬಿಟ್ಟು ಮತ್ತೆ ಕೇಳಿದ್ರು. ಪ್ರತೀ ಸಲ ಆಕೆ ಸಿಡುಕಿದ್ರು, "ನಿಮಗೆ ಅನುಮಾನದ ಕಾಯಿಲೆ" ಅಂದ್ರು. ಭಯ ಆಗ್ತಿದೆ ಅಂತ ಗಂಡ ಹೇಳಿದಾಗ ಆ ಭಯದ ಬಗ್ಗೆ ಆಕೆ ಒಂದೂ ಮಾತಾಡ್ಲಿಲ್ಲ. ಮೂರನೇ ಸಲಕ್ಕೆ ಆಕೆನೇ ಅತ್ತು ಹೇಳಿದ್ರು, ಹೌದು, ಒಬ್ಬರಿದಾರೆ ಅಂತ. ಮೆತ್ತಗೆ ಕೇಳಿದ್ರಿಂದ ಆತನಿಗೆ ಸಿಕ್ಕಿದ್ದು ಸಿಹಿ ಉತ್ತರ ಅಲ್ಲ, ನಿಜವಾದ ಉತ್ತರ. ಕೂಗಾಡಿ ಕೇಳಿದ್ರೆ ಆ ಕೂಗಾಟಾನೇ ಮುಂದಿನ ಆರು ತಿಂಗಳ ಜಗಳ ಆಗಿರ್ತಿತ್ತು, ವಿಷಯ ಅಡಿಗೆ ಹೋಗ್ತಿತ್ತು.

ಫೋನ್ ಬಗ್ಗೆ ಎಲ್ಲ ಕಡೆನೂ ಕೇಳ್ತಾರೆ, ಅದನ್ನೂ ಹೇಳ್ಬಿಡ್ತೀನಿ. ಮಲಗಿದ್ದಾಗ ಬೆರಳು ಒತ್ತಿ ಲಾಕ್ ತೆಗೆಯೋದು, ಲೊಕೇಶನ್ ಆ್ಯಪ್ ಗುಟ್ಟಾಗಿ ಹಾಕೋದು, ಜಿಮ್ ಟ್ರೈನರಿಗೆ ಫೋನ್ ಮಾಡಿ ವಿಚಾರಿಸೋದು, ದಯವಿಟ್ಟು ಬೇಡ. ಏನೂ ಸಿಗದೇ ಇದ್ರೆ ನಿಮಗೆ ನೆಮ್ಮದಿ ಬರಲ್ಲ, "ಅಳಿಸಿರ್ತಾರೆ" ಅಂತ ಅನ್ಸುತ್ತೆ. ನೀವು ಹೀಗೆ ನೋಡಿದ್ದು ಅವರಿಗೆ ಗೊತ್ತಾಗಿ ಹೋದ್ರೆ ಇಷ್ಟು ಹೊತ್ತು ನಿಮ್ಮದಾಗಿದ್ದ ಪ್ರಶ್ನೆ ಅವರದಾಗುತ್ತೆ. ಶುರುವಿನ ವರ್ಷಗಳಲ್ಲಿ ನಾನೇ ಒಬ್ಬರಿಗೆ "ಒಂದ್ಸಲ ಚೆಕ್ ಮಾಡಿ ಸಮಾಧಾನ ಮಾಡ್ಕೊಳ್ಳಿ" ಅಂದಿದ್ದೆ. ಆಕೆ ಒಂದ್ಸಲಕ್ಕೆ ನಿಲ್ಲಿಸ್ಲಿಲ್ಲ, ದಿನಾ ರಾತ್ರಿ ನೋಡೋ ಅಭ್ಯಾಸ ಆಗೋಯ್ತು, ಗಂಡನ ತಪ್ಪು ಏನೂ ಇಲ್ಲದೇ ಇದ್ರೂ ಆ ಮನೇಲಿ ನಂಬಿಕೆ ಹೋಯ್ತು. ಆ ಮಾತು ಹೇಳಿದ್ದಕ್ಕೆ ಇವತ್ತಿಗೂ ನನಗೆ ನೋವಿದೆ.

ಇನ್ನೊಂದು, ಇದು ತುಂಬಾ ಗಂಭೀರ. ಕೇಳಿದ್ರೆ ಹೊಡೀತಾರೆ ಅನ್ನೋ ಭಯ ಇರೋ ಮನೇಲಿ ನಾನು ಹೇಳಿದ ಈ ಯಾವ ಮಾತೂ ನಡೆಯಲ್ಲ. ಅಲ್ಲಿ ಒಬ್ಬರೇ ಕೂತು ಕೇಳೋ ಸಾಹಸ ಮಾಡಬೇಡಿ. ಮೊದಲು ನಂಬಿಕೆಯವರಿಗೆ ತಿಳಿಸಿ, ಮಹಿಳಾ ಸಹಾಯವಾಣಿ 181 ಇದೆ.

ಒಬ್ಬರು ಚೀಟಿ ಕಳಿಸಿದಾರೆ, "ಬದಲಾಗ್ತಿರೋದು ನಾನೇ, ತಪ್ಪೇನೂ ಮಾಡಿಲ್ಲ, ಆದ್ರೆ ಮನೆಯವಳ ಮುಖ ಸಣ್ಣಗಾಗಿದೆ, ಏನ್ ಮಾಡ್ಲಿ" ಅಂತ. ಸಾರ್, ಅವರು ಕೇಳೋವರೆಗೂ ಕಾಯಬೇಡಿ. ಆಣೆ ಮಾಡೋದು, ಫೋನ್ ಬಿಚ್ಚಿಡೋದು ಬೇಡ. ಯಾವ ದಿನ ಏನಾಗಿ ಇದು ಶುರುವಾಯ್ತು ಅನ್ನೋದನ್ನ ಹೇಳಿ, ರಿಪೋರ್ಟೋ, ಆಫೀಸಿನ ಇಮೇಲೋ, ಕನ್ನಡಿಲಿ ಕಂಡ ಬಿಳಿಕೂದಲೋ, ಆ ಒಂದು ದಿನದ ಕತೆ. ವಿಜಯನಗರದ ಆ ಗಂಡ ಪಾರ್ಕಿಂದ ವಾಪಸ್ ಬಂದು ಮಾಡಿದ ಮೊದಲ ಕೆಲಸ, ಕಾರಿನ ಆರ್‌ಸಿ ಕವರಿಂದ ಆ ಕಾಗದ ತೆಗೆದು ಹೆಂಡ್ತಿ ಕೈಗೆ ಕೊಟ್ಟಿದ್ದು. ಆಕೆ ಅದನ್ನ ಪೂರ್ತಿ ಓದಿದ್ರು, ಎರಡು ಸಲ, ಆಮೇಲೆ "ಮುದ್ದೆ ತಿನ್ನಬಹುದಾ ಅಂತ ಡಾಕ್ಟರ್‌ನ ಕೇಳಿದ್ರಾ?" ಅಂದ್ರಂತೆ. ಕೇಳಿರಲಿಲ್ಲ. ಸೋಮವಾರ ಇಬ್ಬರೂ ರಜೆ ಹಾಕಿ ಹೋಗಿ ಕೇಳ್ಕೊಂಡು ಬಂದ್ರು.